ಮುತ್ಯಾ-ಆಯಿ ಜೊತೆ ಮೊಮ್ಮಗಳ ವಿಮಾನಯಾನ: ಒಪ್ಪಿಗೆ ಪತ್ರದಲ್ಲಿ ಏನಿರಬೇಕು, ಅದರ ಹಿಂದೆ ಯಾವ ಕಾಗದ ಬೇಕು

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಟಿಕೆಟ್ ತೆಗೆಯುವುದು, ಪಾಸ್‌ಪೋರ್ಟ್ ಮತ್ತು ವೀಸಾ ಅರ್ಜಿ ತುಂಬಿಕೊಡುವುದು ಕೆಲಸ. ಹಿಂದೊಮ್ಮೆ ಫೆಬ್ರವರಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಮೂರು ಪಾಸ್‌ಪೋರ್ಟ್ ಹಿಡಿದುಕೊಂಡು ಬಂದರು. "ಸಣ್ಣ ಮಗಳು ಲಂಡನ್ನಿನಾಗ ಅದಾಳ್ರಿ. ನಾವಿಬ್ರು ಮೊಮ್ಮಗಳನ್ನ ಕರಕೊಂಡು ಸೂಟಿಗೆ ಹೊಂಟೀವಿ" ಅಂದರು. ಮೊಮ್ಮಗಳಿಗೆ ಒಂಬತ್ತು ವರ್ಷ, ದೊಡ್ಡ ಮಗಳ ಮಗಳು. ಆಕೆಯ ತಾಯಿ ಹೈಸ್ಕೂಲ್ ಟೀಚರ್. ಏಪ್ರಿಲ್‌ನಲ್ಲಿ ಹತ್ತನೇ ತರಗತಿ ಪೇಪರ್ ತಿದ್ದುವ ಕೆಲಸ ಇರುವುದರಿಂದ ಬರುವ ಹಾಗಿಲ್ಲ. ತಂದೆಗೆ ದೋಹಾದಲ್ಲಿ ನೌಕರಿ.

ತಂದೆ-ತಾಯಿಯ ಒಪ್ಪಿಗೆ ಪತ್ರ ಮಾಡಿಸಿದ್ದೀರಾ ಎಂದು ಕೇಳಿದೆ. ಮಾಸ್ತರರಿಗೆ ಸ್ವಲ್ಪ ಸಿಟ್ಟೇ ಬಂತು. "ನಮ್ಮ ಮೊಮ್ಮಗಳನ್ನ ನಾವು ಕರಕೊಂಡು ಹೋಗಾಕ ಯಾರ ಒಪ್ಪಗಿ ಬೇಕ್ರಿ?"

ಮನೆಯ ಲೆಕ್ಕದಲ್ಲಿ ಅವರ ಮಾತು ಸರಿ. ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ ಅನ್ನುತ್ತೇವೆ, ಆ ಹುಡುಗಿಯನ್ನು ಬೆಳೆಸಿದ್ದೇ ಆಯಿ. ಆದರೆ ಕಾನೂನಿನ ಲೆಕ್ಕ ಬೇರೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಮಗುವಿನ ಸಹಜ ಪಾಲಕರು ಎಂದರೆ ತಂದೆ ಮತ್ತು ತಾಯಿ. ಅಜ್ಜ-ಅಜ್ಜಿಯ ಹೆಸರು ಅಲ್ಲಿ ಎಲ್ಲೂ ಇಲ್ಲ. ಹಾಗಾಗಿ ಮಗುವಿನ ಪರವಾಗಿ ಅವರಿಗೆ ಏನೇ ಅಧಿಕಾರ ಬರಬೇಕೆಂದರೂ ಅದನ್ನು ತಂದೆ-ತಾಯಿ ಬರೆದುಕೊಡಬೇಕು. ಒಪ್ಪಿಗೆ ಪತ್ರ ಅಂದರೆ ಅಷ್ಟೇ.

ಇದನ್ನು ಯಾರು, ಎಲ್ಲಿ ಕೇಳುತ್ತಾರೆ ಅನ್ನುವುದು ಮೊದಲು ಗೊತ್ತಿರಬೇಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಹೋಗುವುದಾದರೆ ಇದರ ಗೊಡವೆಯೇ ಇಲ್ಲ. ದೇಶದೊಳಗಿನ ವಿಮಾನಕ್ಕೆ ಜೊತೆಗಿರುವ ದೊಡ್ಡವರ ಗುರುತಿನ ಚೀಟಿ ಸಾಕು. ಎರಡು ವರ್ಷದೊಳಗಿನ ಕೂಸಾದರೆ ವಯಸ್ಸಿನ ಪುರಾವೆ ಕೇಳುತ್ತಾರೆ, ಯಾಕೆಂದರೆ ಅದಕ್ಕೆ ಸೀಟಿಲ್ಲದ ಕಡಿಮೆ ದರದ ಟಿಕೆಟ್. ದೊಡ್ಡ ಮಕ್ಕಳ ಆಧಾರ್ ಕಾರ್ಡ್ ಒಂದು ಕೈಯಲ್ಲಿದ್ದರೆ ಒಳ್ಳೆಯದು. ಇದರ ಮೇಲೆ ಹೇಳುವಂಥದ್ದು ಏನಿಲ್ಲ.

ದೇಶ ದಾಟುವಾಗ ನಾಲ್ಕು ಕಡೆ ಪ್ರಶ್ನೆ ಬರಬಹುದು. ಮೊದಲು ವೀಸಾ ಅರ್ಜಿಯಲ್ಲಿ. ಆಮೇಲೆ ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿ. ನಂತರ ನಮ್ಮದೇ ಇಮಿಗ್ರೇಷನ್‌ನಲ್ಲಿ. ಕೊನೆಗೆ ಆ ದೇಶದ ಇಮಿಗ್ರೇಷನ್‌ನಲ್ಲಿ. ನಮ್ಮ ಜನ ಮೂರನೆಯದಕ್ಕೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಜಾಸ್ತಿ ತಕರಾರು ಬರುವುದು ಎರಡನೆಯ ಕಡೆ. ಸರಿಯಾದ ಕಾಗದ ಇಲ್ಲದವರನ್ನು ಕರೆದೊಯ್ದರೆ ಅವರನ್ನು ವಾಪಸ್ ತರುವ ಹೊಣೆ ವಿಮಾನ ಕಂಪನಿಯ ಮೇಲೇ ಬೀಳುತ್ತದೆ. ಅದಕ್ಕೇ ಕೌಂಟರಿನವರು ಅಧಿಕಾರಿಗಳಿಗಿಂತ ಬಿಗಿ.

ಇಷ್ಟೆಲ್ಲ ಯಾಕೆ ಅಂತ ಮಾಸ್ತರರು ಕೇಳಿದರು. ಅಧಿಕಾರಿಯ ಮುಂದೆ ಇರುವುದು ಒಂದೇ ಸಂಶಯ: ಈ ಮಗುವಿಗೆ ಹೊಣೆಯಾದವರಿಗೆ, ಮಗು ಇಲ್ಲಿದೆ ಅನ್ನುವುದು ಗೊತ್ತಿದೆಯೇ? ಮಕ್ಕಳ ಸಾಗಣೆ ಒಂದು ಭಯ. ಗಂಡ-ಹೆಂಡತಿ ಜಗಳದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳದೆ ಮಗುವನ್ನು ದೇಶ ದಾಟಿಸುವುದು ಇನ್ನೊಂದು. ಹಾಗೆ ಒಯ್ದ ಮಕ್ಕಳನ್ನು ವಾಪಸ್ ಕಳಿಸಲು ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಂದರೆ ಒಮ್ಮೆ ಗಡಿ ದಾಟಿದ ಮೇಲೆ ಮಗುವನ್ನು ತಿರುಗಿ ಪಡೆಯುವುದು ಕಷ್ಟ. ಅದಕ್ಕೇ ದಾಟುವ ಮುಂಚೆ ಕೇಳುತ್ತಾರೆ.

ಪತ್ರ ಬರೆಸುವಾಗ

ಈ ಪತ್ರಕ್ಕೆ ನಮ್ಮ ಸರ್ಕಾರದ ನಿಗದಿತ ಫಾರ್ಮ್ ಅಂತ ಇಲ್ಲ. ಇಲ್ಲೇ ಒಂದು ಗೊಂದಲ ಆಗುತ್ತದೆ. ಮಗುವಿನ ಪಾಸ್‌ಪೋರ್ಟ್ ಮಾಡಿಸುವಾಗ ತಂದೆ-ತಾಯಿ ಇಬ್ಬರೂ ಸಹಿ ಮಾಡಿದ "ಅನೆಕ್ಷರ್ ಡಿ" ಅನ್ನುವ ಘೋಷಣೆ ಇರುತ್ತದಲ್ಲ, ಅದನ್ನೇ ಜೆರಾಕ್ಸ್ ಮಾಡಿಸಿ "ಒಪ್ಪಗಿ ಐತ್ರಿ" ಅನ್ನುತ್ತಾರೆ. ಅದು ಪಾಸ್‌ಪೋರ್ಟ್ ಕೊಡಲು ಕೊಟ್ಟ ಒಪ್ಪಿಗೆ. ಈ ಪ್ರಯಾಣಕ್ಕೆ, ಇವರ ಜೊತೆ, ಈ ದಿನಗಳಲ್ಲಿ ಹೋಗಲು ಕೊಟ್ಟ ಒಪ್ಪಿಗೆ ಅಲ್ಲ. ಎರಡೂ ಬೇರೆ.

ಪತ್ರ ಇಂಗ್ಲಿಷ್‌ನಲ್ಲಿ ಇರಬೇಕು, ಓದುವವನು ಅಲ್ಲಿಯವನು. ಒಂದು ಪುಟ ಮೀರಬಾರದು. ಮಾಸ್ತರರಿಗಾಗಿ ತಾಯಿಯ ಪತ್ರವನ್ನು ಹೀಗೆ ಬರೆಸಿದೆವು, ಅರ್ಥ ಮಾತ್ರ ಕನ್ನಡದಲ್ಲಿ ಕೊಡುತ್ತಿದ್ದೇನೆ: "ನಾನು ಇಂಥವಳು, ಪಾಸ್‌ಪೋರ್ಟ್ ನಂಬರ್ ಇಂಥದ್ದು, ಇಂಥ ದಿನ ಹುಟ್ಟಿದ, ಇಂಥ ಪಾಸ್‌ಪೋರ್ಟ್ ನಂಬರಿನ ಬಾಲಕಿಯ ತಾಯಿ. ನನ್ನ ಮಗಳು ನನ್ನ ತಂದೆ ಮತ್ತು ನನ್ನ ತಾಯಿಯ ಜೊತೆ, ಇಬ್ಬರ ಜೊತೆಯಾಗಲಿ ಅಥವಾ ಅವರಲ್ಲಿ ಯಾರೊಬ್ಬರ ಜೊತೆಯಾಗಲಿ, ಏಪ್ರಿಲ್ 15ರಿಂದ ಮೇ 31ರ ನಡುವೆ ಬ್ರಿಟನ್ನಿಗೆ ಹೋಗಿಬರಲು ನನ್ನ ಪೂರ್ಣ ಒಪ್ಪಿಗೆ ಇದೆ. ಅಲ್ಲಿ ಆಕೆ ನನ್ನ ತಂಗಿಯ ಮನೆಯಲ್ಲಿ ಇರುತ್ತಾಳೆ. ಪ್ರಯಾಣದಲ್ಲಿ ತುರ್ತು ಚಿಕಿತ್ಸೆ ಬೇಕಾದರೆ ಒಪ್ಪಿಗೆ ಕೊಡುವ ಅಧಿಕಾರವನ್ನು ಇವರಿಗೆ ಕೊಟ್ಟಿದ್ದೇನೆ. ಏನಾದರೂ ಕೇಳುವುದಿದ್ದರೆ ಈ ನಂಬರಿಗೆ ಫೋನ್ ಮಾಡಬಹುದು." ಕೆಳಗೆ ತಂಗಿಯ ವಿಳಾಸ, ಫೋನ್, ಮುತ್ಯಾ-ಆಯಿಯ ಪಾಸ್‌ಪೋರ್ಟ್ ನಂಬರ್, ತಾಯಿಯ ವಿಳಾಸ, ತಾರೀಖು, ಸಹಿ.

ಇದರಲ್ಲಿ ಎರಡು ಕಡೆ ನಾನು ಹಟ ಹಿಡಿಯುತ್ತೇನೆ. ಒಂದು, "ಯಾರೊಬ್ಬರ ಜೊತೆಯಾಗಲಿ" ಅನ್ನುವ ಮಾತು. ಮುತ್ಯಾನ ಹೆಸರಷ್ಟೇ ಬರೆದು, ಅಲ್ಲಿ ಅವರು ಹಾಸಿಗೆ ಹಿಡಿದರೆ ಆಯಿ ಒಬ್ಬರೇ ಮಗುವನ್ನು ವಾಪಸ್ ತರುವಾಗ ಕೈಯಲ್ಲಿರುವ ಪತ್ರ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ತಾರೀಖು. ಟಿಕೆಟ್ ಇದ್ದದ್ದು ಏಪ್ರಿಲ್ 18ರಿಂದ ಮೇ 20ರವರೆಗೆ. ಅದನ್ನೇ ಬರೆದರೆ, ವಿಮಾನ ಒಂದು ದಿನ ತಡವಾದರೂ ಪತ್ರದ ಅವಧಿ ಮುಗಿದುಹೋಗುತ್ತದೆ. ಹಿಂದೆ-ಮುಂದೆ ಕೆಲವು ದಿನ ಬಿಟ್ಟು ಬರೆಯಬೇಕು. ಆದರೆ "ಯಾವಾಗ ಬೇಕಾದರೂ, ಎಲ್ಲಿಗೆ ಬೇಕಾದರೂ" ಅಂತ ಬರೆದ ಪತ್ರಕ್ಕೆ ಬೆಲೆ ಇಲ್ಲ. ಅಂಥದ್ದನ್ನು ನೋಡಿದರೆ ಸಂಶಯ ಹೆಚ್ಚುತ್ತದೆ.

ಇ-ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿ ಮಾಡಿಸುವುದು ನಮ್ಮ ಕಡೆ ರೂಢಿ. ಸ್ಟ್ಯಾಂಪ್ ಕಾಗದ ಎಷ್ಟರದ್ದು ಅನ್ನುವುದು ವಿದೇಶಿ ಅಧಿಕಾರಿಗೆ ಸಂಬಂಧವಿಲ್ಲದ ಮಾತು. ಅವನು ನೋಡುವುದು ಸಹಿ, ನೋಟರಿಯ ಮುದ್ರೆ, ಫೋನ್ ನಂಬರ್. ನೋಟರಿ ಅಂದರೆ "ಈ ವ್ಯಕ್ತಿ ನನ್ನ ಎದುರಿಗೆ ಸಹಿ ಮಾಡಿದ" ಅಂತ ಹೇಳುವವರು. ಹಾಗಾಗಿ ಸಹಿ ಮಾಡುವವರು ಗುರುತಿನ ಚೀಟಿ ಹಿಡಿದು ಅವರ ಎದುರಿಗೇ ಹೋಗಬೇಕು. ಮೊದಲೇ ಸಹಿ ಮಾಡಿಟ್ಟುಕೊಂಡು ಹೋಗಬೇಡಿ.

ದೋಹಾದಲ್ಲಿರುವ ಅಳಿಯನ ಸಹಿ

ತಂದೆಯ ಸಹಿ ಹೇಗೆ ಅಂತ ಕೇಳಿದ್ದಕ್ಕೆ ಮಾಸ್ತರರು ಕಣ್ಣು ಮಿಟುಕಿಸಿದರು. "ಅಳಿಯನ ಸಹಿ ನನ್ನ ಮಗ ಥೇಟ್ ಹಂಗ ಮಾಡ್ತಾನ್ರಿ."

ಇಂಥದ್ದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಸಿಕ್ಕಿಬೀಳುವುದು ಹೇಗೆ ಅಂದರೆ, ಒಪ್ಪಿಗೆ ಪತ್ರದ ಜೊತೆ ತಂದೆಯ ಪಾಸ್‌ಪೋರ್ಟ್ ಪ್ರತಿಯನ್ನೂ ಲಗತ್ತಿಸುತ್ತೇವೆ. ವೀಸಾ ಅರ್ಜಿಯಲ್ಲಿ ತಂದೆ ಕತಾರಿನಲ್ಲಿ ಕೆಲಸ ಮಾಡುತ್ತಾನೆ ಅಂತಲೂ ನಾವೇ ಬರೆದಿರುತ್ತೇವೆ. ಮಾರ್ಚ್ 5ನೇ ತಾರೀಖು ವಿಜಯಪುರದ ನೋಟರಿ ಎದುರು ಆತ ಸಹಿ ಮಾಡಿದ್ದಾನೆ ಅನ್ನುವ ಕಾಗದ ಒಂದು ಕಡೆ, ಆ ದಿನ ದೋಹಾದಲ್ಲಿ ಇದ್ದಾನೆ ಅನ್ನುವ ಕಾಗದ ಇನ್ನೊಂದು ಕಡೆ. ಎರಡನ್ನೂ ಒಂದೇ ಕ್ಲಿಪ್ ಹಾಕಿ ನಾವೇ ಕೊಟ್ಟಂತೆ. ಸುಳ್ಳು ಕಾಗದ ಕೊಟ್ಟರೆ ವೀಸಾ ನಿರಾಕರಣೆ ಅಷ್ಟಕ್ಕೇ ನಿಲ್ಲುವುದಿಲ್ಲ, ಮುಂದಿನ ಅರ್ಜಿಗಳಿಗೂ ಅದು ಅಂಟಿಕೊಳ್ಳುತ್ತದೆ.

ಸರಳ ದಾರಿ ಇದೆ. ಒಂದೇ ಪತ್ರದಲ್ಲಿ ಇಬ್ಬರ ಸಹಿಯೂ ಇರಬೇಕು ಅಂತ ಏನಿಲ್ಲ. ಎರಡು ಪತ್ರ ಮಾಡಿಸಿದೆವು. ತಾಯಿ ಇಲ್ಲಿನ ನೋಟರಿ ಎದುರು ತನ್ನ ಪತ್ರಕ್ಕೆ ಸಹಿ ಮಾಡಿದಳು. ಅದೇ ಒಕ್ಕಣೆಯ ಇನ್ನೊಂದು ಪತ್ರವನ್ನು ಮೇಲ್ ಮಾಡಿದೆವು. ತಂದೆ ಅದನ್ನು ಪ್ರಿಂಟ್ ತೆಗೆಸಿ, ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ತನ್ನ ಸಹಿಗೆ ದೃಢೀಕರಣ ಮಾಡಿಸಿದ. ಹೊರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗಳಲ್ಲಿ ಈ ಸೇವೆ ಇರುತ್ತದೆ. ಅದರ ಸ್ಕ್ಯಾನ್ ಪ್ರತಿ ವೀಸಾ ಅರ್ಜಿಗೆ ಹೋಯಿತು, ಅಸಲು ಪ್ರತಿ ಕೊರಿಯರ್‌ನಲ್ಲಿ ಬಂತು. ತಂದೆಗೆ ಕೆಲಸದ ದಿನ ರಜೆ ಸಿಗಬೇಕು, ಕೊರಿಯರ್ ಬರಬೇಕು. ಇದಕ್ಕೆಲ್ಲ ಒಂದು ತಿಂಗಳು ಕೈಯಲ್ಲಿರಲಿ.

ಹೆಸರುಗಳು ಕೂಡಬೇಕು

ಪತ್ರದಲ್ಲಿ "ಮೆಟರ್ನಲ್ ಗ್ರ್ಯಾಂಡ್‌ಪೇರೆಂಟ್ಸ್" ಅಂತ ಬರೆದೆವು. ಆದರೆ ಅದಕ್ಕೆ ಪುರಾವೆ? ಮೊಮ್ಮಗಳ ಅಡ್ಡಹೆಸರು ಬಿರಾದಾರ, ಮುತ್ಯಾನ ಅಡ್ಡಹೆಸರು ಪಾಟೀಲ. ನೋಡುವವನಿಗೆ ಇವರು ಯಾರೋ, ಅವಳು ಯಾರೋ. ಮಾಸ್ತರರು ಆಧಾರ್ ತೋರಿಸಿದರು. ಆಧಾರ್ ವಿಳಾಸದ ಮತ್ತು ಗುರುತಿನ ಕಾಗದ, ಸಂಬಂಧದ್ದಲ್ಲ. ಅದರಲ್ಲಿ "ಕೇರ್ ಆಫ್" ಅಂತಿದ್ದರೆ ಅವನು ತಂದೆಯೇ ಅಂತ ಅರ್ಥವಲ್ಲ.

ಒಂದು ಸುಲಭ ಉಪಾಯ ಪಾಸ್‌ಪೋರ್ಟಿನಲ್ಲೇ ಇತ್ತು. ನಮ್ಮ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ನೋಡಿ, ತಂದೆ-ತಾಯಿಯ ಹೆಸರು ಅಚ್ಚಾಗಿದ್ದರೆ ಅದೇ ಕೊಂಡಿ. ಹುಡುಗಿಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಆಕೆಯ ತಾಯಿಯ ಹೆಸರಿತ್ತು. ತಾಯಿಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಮುತ್ಯಾ ಮತ್ತು ಆಯಿಯ ಹೆಸರಿತ್ತು. ಎರಡು ಪುಟದ ಜೆರಾಕ್ಸ್ ಪಕ್ಕಪಕ್ಕ ಇಟ್ಟರೆ ಮೂರು ತಲೆಮಾರು ಕಾಣುತ್ತದೆ. ನಾಡಕಚೇರಿಯಿಂದ ವಂಶಾವಳಿ ತರಬೇಕೇ ಅಂತ ಮಾಸ್ತರರು ಕೇಳಿದ್ದರು. ತಂದರೆ ತಪ್ಪಿಲ್ಲ, ಆದರೆ ಅದು ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಮಾಡಿಸಬೇಕು. ಪಾಸ್‌ಪೋರ್ಟ್ ಪುಟದಲ್ಲಿ ಆ ತಾಪತ್ರಯ ಇಲ್ಲ.

ಕೊಂಡಿ ಕಳಚಿದ್ದು ಬೇರೆ ಕಡೆ. ಜನನ ಪ್ರಮಾಣಪತ್ರ ತೆಗೆದು ನೋಡಿದೆ. ಅದರಲ್ಲಿ ತಾಯಿಯ ಹೆಸರು ಬೇರೆಯೇ ಇತ್ತು! ಮದುವೆಯ ದಿನ ಗಂಡನ ಮನೆಯವರು ಸೊಸೆಗೆ ಹೊಸ ಹೆಸರಿಡುವ ರೂಢಿ ನಮ್ಮ ಕಡೆ ಅನೇಕ ಮನೆಗಳಲ್ಲಿ ಇತ್ತಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಅತ್ತೆ ಹೇಳಿದ್ದು ಆ ಹೆಸರು. ಶಾಲೆ, ನೌಕರಿ, ಪಾಸ್‌ಪೋರ್ಟ್ ಎಲ್ಲದರಲ್ಲೂ ಇರುವುದು ತವರಿನ ಹೆಸರು. ಮಗುವಿನ ತಾಯಿ ಅಂತ ಜನನ ಪತ್ರ ಹೇಳುವ ಹೆಂಗಸು ಬೇರೆ, ಒಪ್ಪಿಗೆ ಕೊಟ್ಟ ಹೆಂಗಸು ಬೇರೆ ಅನ್ನುವ ಹಾಗಾಯಿತು.

ಇದಕ್ಕೆ ಸರಿಯಾದ ಪರಿಹಾರ ಜನನ-ಮರಣ ನೋಂದಣಾಧಿಕಾರಿ ಬಳಿ ತಿದ್ದುಪಡಿ ಮಾಡಿಸುವುದು. ಅದಕ್ಕೆ ದಿನ ಹಿಡಿಯುತ್ತದೆ. ಅವರಿಗೆ ಸಮಯ ಇರಲಿಲ್ಲ. ಹಾಗಾಗಿ ಎರಡೂ ಹೆಸರು ಒಬ್ಬಳದೇ ಅಂತ ತಾಯಿಯ ಅಫಿಡವಿಟ್ ಮಾಡಿಸಿ, ಎರಡೂ ಹೆಸರಿಗೆ ಸಂಬಂಧ ತೋರಿಸುವ ಮದುವೆ ನೋಂದಣಿ ಪತ್ರ ಜೊತೆಗಿಟ್ಟೆವು. ಕೆಲಸ ಆಯಿತು. ಆದರೂ ತಿದ್ದುಪಡಿ ಅರ್ಜಿಯನ್ನೂ ಹಾಕಿಸಿದೆ, ಮುಂದೆ ಆ ಹುಡುಗಿಗೆ ಇದು ಪದೇಪದೇ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖಿನ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ.

ಇನ್ನೊಂದು ಸಣ್ಣ ವಿಷಯ. ಕೆಲವರ ಜನನ ಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಆ ಜಾಗ ಖಾಲಿ. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತದೆ, ಆಮೇಲೆ ಯಾರೂ ಹೋಗಿ ಹೆಸರು ಸೇರಿಸಿರುವುದಿಲ್ಲ. ಇವತ್ತೇ ತೆಗೆದು ನೋಡಿ.

ವೀಸಾದಲ್ಲಿ ಬರುವ ಹೆಸರು

ಬ್ರಿಟನ್ನಿನ ವಿಷಯದಲ್ಲಿ ಗೊತ್ತಿರಲೇಬೇಕಾದ ಒಂದು ನಿಯಮ ಇದೆ. ಹದಿನೆಂಟರೊಳಗಿನ ಮಗು ದೊಡ್ಡವರ ಜೊತೆ ಬರುವುದಾದರೆ, ಆ ದೊಡ್ಡವರು ಯಾರು ಅಂತ ವೀಸಾ ಅರ್ಜಿಯಲ್ಲೇ ಹೇಳಬೇಕು. ಇಬ್ಬರವರೆಗೆ ಹೆಸರು ಕೊಡಬಹುದು. ಆ ಹೆಸರು ಮಗುವಿನ ವೀಸಾದಲ್ಲಿ ಬರುತ್ತದೆ. ಅವರಲ್ಲಿ ಒಬ್ಬರಾದರೂ ಜೊತೆಗಿಲ್ಲದೆ ಮಗು ಹೋಗಿ ಇಳಿದರೆ ಒಳಗೆ ಬಿಡದೆ ಇರಬಹುದು. ಆಗ ಎಂಥ ಒಪ್ಪಿಗೆ ಪತ್ರ ಇದ್ದರೂ ಉಪಯೋಗ ಇಲ್ಲ.

ಆಯಿಯ ಪಾಸ್‌ಪೋರ್ಟ್ ತಿರುಗಿಸಿ ನೋಡಿದಾಗ ಅವಧಿ ಮುಗಿಯಲು ನಾಲ್ಕೇ ತಿಂಗಳಿತ್ತು. ಹೋಗಿಬರಲು ಅದು ಸಾಕು, ಸುಮ್ನೆ ಖರ್ಚು ಯಾಕೆ ಅಂತ ಮಾಸ್ತರರ ವಾದ. ಆದರೆ ವೀಸಾ ಅರ್ಜಿ ಹಾಕಿದ ಮೇಲೆ ಯಾವುದೋ ಕಾರಣಕ್ಕೆ ನವೀಕರಿಸಬೇಕಾಗಿ ಬಂದರೆ ಹೊಸ ನಂಬರ್ ಬರುತ್ತದೆ. ಮಗುವಿನ ಅರ್ಜಿಯಲ್ಲಿ ಹಳೆಯ ನಂಬರ್, ಎರಡೂ ಒಪ್ಪಿಗೆ ಪತ್ರದಲ್ಲಿ ಹಳೆಯ ನಂಬರ್, ಕೈಯಲ್ಲಿ ಹೊಸ ಪುಸ್ತಕ. ಹಾಗಾಗಿ ಮೊದಲು ಆಯಿಯ ಪಾಸ್‌ಪೋರ್ಟ್ ನವೀಕರಿಸಿ, ಆಮೇಲೆ ಪತ್ರ, ಆಮೇಲೆ ವೀಸಾ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತದೆ.

ಹುಡುಗಿ ಉಳಿದುಕೊಳ್ಳುವ ಮನೆಯವರು ಯಾರು ಅನ್ನುವುದೂ ಅಲ್ಲಿ ಮುಖ್ಯ. ಚಿಕ್ಕಮ್ಮ ಒಂದು ಪತ್ರ ಬರೆದು, ತನ್ನ ಗುರುತಿನ ಮತ್ತು ವಿಳಾಸದ ಪುರಾವೆ ಕಳಿಸಿದಳು. ಅಜ್ಜ-ಅಜ್ಜಿ, ಚಿಕ್ಕಮ್ಮ, ಮಾವ ಇವರೆಲ್ಲ ಅಲ್ಲಿನ ಕಾನೂನಿಗೆ ಹತ್ತಿರದ ಸಂಬಂಧಿಕರು. ಹದಿನಾರರೊಳಗಿನ ಮಗುವನ್ನು ಇಂಥ ಸಂಬಂಧ ಇಲ್ಲದವರು, ಉದಾಹರಣೆಗೆ ಊರಿನ ಪರಿಚಯದವರು, 28 ದಿನ ಅಥವಾ ಅದಕ್ಕಿಂತ ಜಾಸ್ತಿ ನೋಡಿಕೊಳ್ಳುವುದಾದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕಾಗುತ್ತದೆ.

ತಾಯಿ ಅಥವಾ ತಂದೆ ಒಬ್ಬರೇ ಹೋಗುವಾಗ

ಆಗಲೂ ಇದೇ ಪತ್ರ, ಬರೆದುಕೊಡುವುದು ಉಳಿದ ಇನ್ನೊಬ್ಬರು. ಕೆನಡಾ ತನ್ನ ಸೂಚನೆಯಲ್ಲೇ ಇದನ್ನು ಕೇಳುತ್ತದೆ: ಬಾರದ ಪಾಲಕರು ಸಹಿ ಮಾಡಿದ ಪತ್ರ, ಅದರಲ್ಲಿ ಅವರ ವಿಳಾಸ-ಫೋನ್, ಜೊತೆಗೆ ಅವರ ಸಹಿ ಇರುವ ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯ ಪ್ರತಿ. ಅಮೆರಿಕದ ಗಡಿ ಅಧಿಕಾರಿಗಳು ನೋಟರಿ ಆದ ಪತ್ರ ಇಟ್ಟುಕೊಳ್ಳಿ ಅನ್ನುತ್ತಾರೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಮಗುವಿನ ಅರ್ಜಿಯಲ್ಲೇ ಪಾಲಕರ ಸಹಿ ಮತ್ತು ಒಪ್ಪಿಗೆ ಬೇಕು.

ಕಷ್ಟ ಇರುವುದು ಇನ್ನೊಬ್ಬರು ಸಹಿ ಮಾಡಲಾರದ ಮನೆಗಳಲ್ಲಿ. ತಂದೆ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಸಾಕು, ಪತ್ರದ ಮಾತೇ ಬರುವುದಿಲ್ಲ. ವಿಚ್ಛೇದನ ಆಗಿ ಮಗು ಒಬ್ಬರ ಪಾಲಿಗೆ ಬಂದಿದ್ದರೆ ಕೋರ್ಟಿನ ಆದೇಶದ ದೃಢೀಕೃತ ಪ್ರತಿ ಬೇಕು. ಆದೇಶವನ್ನು ಪೂರ್ತಿ ಓದಿ. "ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ" ಅನ್ನುವ ಒಂದು ಸಾಲು ನಡುವೆ ಎಲ್ಲೋ ಇರಬಹುದು. ಕೇಸು ಇನ್ನೂ ನಡೆಯುತ್ತಿದ್ದರೆ ಟಿಕೆಟ್ ತೆಗೆಯುವ ಮೊದಲು ವಕೀಲರ ಹತ್ತಿರ ಹೋಗಿ, ನನ್ನಂಥವರ ಹತ್ತಿರ ಅಲ್ಲ. ಬಿಟ್ಟುಹೋದ ಗಂಡ ಎಲ್ಲಿದ್ದಾನೋ ಗೊತ್ತಿಲ್ಲ ಅನ್ನುವ ತಾಯಂದಿರೂ ಬರುತ್ತಾರೆ. ಪಾಸ್‌ಪೋರ್ಟಿಗಾದರೆ ಇಂಥವರಿಗಾಗಿಯೇ "ಅನೆಕ್ಷರ್ ಸಿ" ಇದೆ. ವೀಸಾಕ್ಕೆ ಇದ್ದದ್ದನ್ನು ಇದ್ದ ಹಾಗೆ ಅಫಿಡವಿಟ್‌ನಲ್ಲಿ ಬರೆದು, ಮಗು ತನ್ನ ಬಳಿಯೇ ಇದೆ ಅನ್ನಲು ಶಾಲೆಯ ಕಾಗದ ಇಡಬೇಕು. ನಿರ್ಧಾರ ಅವರ ಕೈಯಲ್ಲಿ.

ಕೌಂಟರಿನಲ್ಲಿ

ಹೊರಡುವ ಮುಂಚಿನ ದಿನ ಮಾಸ್ತರರ ಮನೆಗೆ ಹೋಗಿ ಫೈಲ್ ಜೋಡಿಸಿಕೊಟ್ಟೆ. ಎರಡು ಅಸಲು ಪತ್ರ, ಪ್ರತಿಯೊಂದರ ಹಿಂದೆ ಸಹಿ ಮಾಡಿದವರ ಪಾಸ್‌ಪೋರ್ಟ್ ಪ್ರತಿ, ಜನನ ಪತ್ರ, ತಾಯಿಯ ಅಫಿಡವಿಟ್ ಮತ್ತು ಮದುವೆ ಪತ್ರ, ಚಿಕ್ಕಮ್ಮನ ಪತ್ರ. ಇದು ಕೈಚೀಲದಲ್ಲೇ ಇರಬೇಕು. ಹಿಂದೊಂದು ಕುಟುಂಬ ಇದನ್ನು ದೊಡ್ಡ ಸೂಟ್‌ಕೇಸಿನಲ್ಲಿ ಜೋಳದ ರೊಟ್ಟಿಯ ಕೆಳಗೆ ಇಟ್ಟು ಬೆಲ್ಟ್ ಮೇಲೆ ಹಾಕಿಬಿಟ್ಟಿತ್ತು. ಇಮಿಗ್ರೇಷನ್‌ನಲ್ಲಿ ಕೇಳಿದಾಗ ಸೂಟ್‌ಕೇಸ್ ಆಗಲೇ ಒಳಗೆ ಹೋಗಿತ್ತು.

ತಾಯಿಗೆ ಹೇಳಿದ್ದು ಒಂದೇ ಮಾತು, ಆ ರಾತ್ರಿ ಮತ್ತು ಮರುದಿನ ಫೋನ್ ಸೈಲೆಂಟ್ ಮಾಡಬೇಡ, ಗೊತ್ತಿಲ್ಲದ ವಿದೇಶಿ ನಂಬರ್ ಬಂದರೂ ಎತ್ತು ಅಂತ. ಮೋಸದ ಕರೆ ಅಂದುಕೊಂಡು ಕಟ್ ಮಾಡುವವರೇ ಜಾಸ್ತಿ ಅಲ್ವಾ. ಮೊಮ್ಮಗಳಿಗೆ ಏನನ್ನೂ ಬಾಯಿಪಾಠ ಮಾಡಿಸಬೇಡಿ ಅಂತಲೂ ಹೇಳಿದೆ. ಅಲ್ಲಿನ ಅಧಿಕಾರಿ ನೇರವಾಗಿ ಮಗುವನ್ನೇ ಮಾತಾಡಿಸಬಹುದು. ಕಲಿಸಿದ ಉತ್ತರ ತಕ್ಷಣ ಗೊತ್ತಾಗುತ್ತದೆ.

ಬೆಂಗಳೂರಿನ ಕೌಂಟರಿನಲ್ಲಿ ಎರಡೂ ಪತ್ರ ಕೇಳಿ ನೋಡಿದರಂತೆ. ನಮ್ಮ ಇಮಿಗ್ರೇಷನ್‌ನಲ್ಲಿ ಏನೂ ಕೇಳಲಿಲ್ಲ. ಲಂಡನ್ನಿನಲ್ಲಿ ಅಧಿಕಾರಿ ಫೈಲ್ ತೆಗೆದುಕೊಂಡು ನಿಧಾನವಾಗಿ ಒಂದೊಂದೇ ಹಾಳೆ ತಿರುಗಿಸಿದಳಂತೆ. ಆಮೇಲೆ ಬಗ್ಗಿ ಹುಡುಗಿಗೆ, ನಿನ್ನ ಅಮ್ಮ ಎಲ್ಲಿ ಅಂತ ಕೇಳಿದಳು. ಹುಡುಗಿ ಇಂಗ್ಲಿಷ್‌ನಲ್ಲಿ, "ಊರಲ್ಲಿದ್ದಾಳೆ, ಪೇಪರ್ ನೋಡ್ತಾ ಇದಾಳೆ" ಅಂದಳು. "ನಾನೂ ಅದನ್ನೇ ಮಾಡ್ತಾ ಇದೀನಿ" ಅಂತ ನಕ್ಕು ಆಕೆ ಪಾಸ್‌ಪೋರ್ಟ್ ವಾಪಸ್ ಕೊಟ್ಟಳಂತೆ.